ಮಾಲೀಕರ ಮೊಬೈಲಿಗೆ ಒಂದು ಸ್ಕ್ರೀನಿನ ಲೆಕ್ಕ

ಬಹಳಷ್ಟು ಕಾರ್ಖಾನೆಗಳ ಗೇಟಿನ ಹತ್ತಿರ ಬೀಗ ಹಾಕಿದ ತಗಡಿನ ಡಬ್ಬಿಯೊಂದು ಇರುತ್ತದೆ. ಮೇಲೆ ‘ಸಲಹಾ ಪೆಟ್ಟಿಗೆ’ ಎಂದು ಬರೆದಿರುತ್ತದೆ. ಅದರ ಕೀಲಿಕೈ ಯಾರ ಹತ್ತಿರ ಇದೆ ಎಂದು ಕೇಳಿ ನೋಡಿ, ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆದರೆ ಈ ಡಬ್ಬಿಯನ್ನು ಗಂಭೀರವಾಗಿ ತೆಗೆದುಕೊಂಡವರೂ ಇದ್ದಾರೆ. ಜಪಾನಿನ ಟೊಯೊಟಾ ಕಂಪನಿಯ ಐಜಿ ಟೊಯೊಡಾ 1950ರಲ್ಲಿ ಅಮೆರಿಕದ ಫೋರ್ಡ್ ಕಾರ್ಖಾನೆ ನೋಡಲು ಹೋಗಿದ್ದರು. ಕಾರ್ಮಿಕರಿಂದ ಸಲಹೆ ಪಡೆಯುವ ಪದ್ಧತಿಯನ್ನು ಅಲ್ಲಿ ಕಂಡು 1951ರಲ್ಲಿ ತಮ್ಮಲ್ಲೂ ಶುರು ಮಾಡಿದರು.

ಅದೇ ಕಂಪನಿಯಲ್ಲಿ ಇನ್ನೊಂದು ರೂಢಿಯೂ ಬೆಳೆಯಿತು. ಸಮಸ್ಯೆ, ಅದರ ಕಾರಣ, ಪರಿಹಾರ, ಖರ್ಚು, ಮುಂದಿನ ಹೆಜ್ಜೆ ಎಲ್ಲವನ್ನೂ ಎ3 ಅಳತೆಯ ಒಂದೇ ಹಾಳೆಯಲ್ಲಿ ಬರೆದು ಮೇಲಿನವರ ಮುಂದೆ ಇಡಬೇಕು. 297 × 420 ಮಿ.ಮೀ. ಅಂದರೆ ಎರಡು ಎ4 ಹಾಳೆ ಜೋಡಿಸಿದಷ್ಟು ಜಾಗ. ಎರಡನೇ ಹಾಳೆ ಇಲ್ಲ. ಟೊಯೊಟಾದ ಕಾರ್ಖಾನೆ ನಮ್ಮ ಬಿಡದಿಯಲ್ಲೂ ಇರುವುದರಿಂದ ‘ಎ3 ರಿಪೋರ್ಟ್’ ಎಂಬ ಹೆಸರು ಇಂಜಿನಿಯರಿಂಗ್ ಓದುವ ನಮ್ಮಲ್ಲಿ ಅನೇಕರ ಕಿವಿಗೆ ಬಿದ್ದಿರುತ್ತದೆ.

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಸಣ್ಣ ಮಷಿನ್ ಶಾಪ್‌ನಲ್ಲಿ ಎ3 ಹಾಳೆಯೂ ಇಲ್ಲ, ಅದನ್ನು ಇಟ್ಟುಕೊಂಡು ಕೂತು ಮಾತಾಡುವ ಮೀಟಿಂಗ್ ರೂಮೂ ಇಲ್ಲ. ಮಾಲೀಕರು ಒಂದು ದಿನ ಬೆಳಗಾವಿಯ ಫೌಂಡ್ರಿಯಲ್ಲಿ, ಒಂದು ದಿನ ಬ್ಯಾಂಕಿನಲ್ಲಿ, ಒಂದು ದಿನ ಗಿರಾಕಿಯ ಆಫೀಸಿನಲ್ಲಿ ಇರುತ್ತಾರೆ. ಅವರು ಓದುವುದೆಲ್ಲ ಮೊಬೈಲಿನಲ್ಲಿ. ಹಾಗಾಗಿ ಇಲ್ಲಿ ಹಾಳೆಯ ಅಳತೆ ಅಂದರೆ ಒಂದು ಮೊಬೈಲ್ ಸ್ಕ್ರೀನ್. ಇಂಟರ್ನ್‌ಶಿಪ್‌ಗೆಂದು ನಾನು ಹೋಗಿದ್ದ ಶಾಪ್‌ನಲ್ಲಿ ಒಂದು ಸಣ್ಣ ಬದಲಾವಣೆಯನ್ನು ಹೀಗೆ ಒಂದು ಸ್ಕ್ರೀನಿನಲ್ಲಿ ಮಾಲೀಕರ ಮುಂದೆ ಇಟ್ಟ ಬಗೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಶಾಪ್‌ನ ಹೆಸರು ಬೇಡ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಅಲ್ಲಿ ಮೂರು ವಿಎಂಸಿ ಮಷಿನ್‌ಗಳಿವೆ. ಕಂಪ್ಯೂಟರ್ ಪ್ರೋಗ್ರಾಂ ಮೇಲೆ ಓಡುವ, ತೂತು ಕೊರೆಯುವ, ಮೇಲ್ಮೈ ಕೆತ್ತುವ ಯಂತ್ರಗಳು. ಎರಡನೇ ನಂಬರಿನ ಮಷಿನ್ ಮೇಲೆ ವಾಲ್ವ್‌ನ ಎರಕದ ಬಾಡಿಗಳು ಬರುತ್ತವೆ. ಒಂದು ಅಳತೆಯ ಬಾಡಿ ಮುಗಿದು ಇನ್ನೊಂದು ಅಳತೆಯದು ಹತ್ತಬೇಕಾದರೆ ಮಷಿನ್ ನಿಲ್ಲಿಸಿ, ಪೀಸನ್ನು ಅಲುಗಾಡದಂತೆ ಹಿಡಿಯುವ ಫಿಕ್ಸ್ಚರ್ ಬದಲಿಸಿ, ಟೂಲ್ ಬದಲಿಸಿ, ಅಳತೆ ಕೂಡಿಸಬೇಕು. ಶಾಪ್‌ನವರು ಇದಕ್ಕೆ ‘ಸೆಟ್ಟಿಂಗ್’ ಅನ್ನುತ್ತಾರೆ. ದಿನಕ್ಕೆ ಎರಡು ಸೆಟ್ಟಿಂಗ್ ಆಗುತ್ತವೆ.

ಮೊದಲು ಬೇಕಾದದ್ದು ಒಂದೇ ಪ್ರಶ್ನೆಗೆ ಉತ್ತರ: ಒಂದು ಸೆಟ್ಟಿಂಗ್‌ಗೆ ಮಷಿನ್ ಎಷ್ಟು ಹೊತ್ತು ನಿಲ್ಲುತ್ತದೆ? ಆಪರೇಟರ್ ‘ಮುಕ್ಕಾಲು ತಾಸು’ ಅಂದರು. ಸೂಪರ್‌ವೈಸರ್ ‘ಒಂದು ತಾಸು’ ಅಂದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ, ಇಬ್ಬರ ಗಡಿಯಾರ ಬೇರೆ ಬೇರೆ ಕಡೆ ನಿಲ್ಲುತ್ತಿತ್ತು, ಅಷ್ಟೇ. ಆಪರೇಟರ್ ಲೆಕ್ಕದಲ್ಲಿ ಮಷಿನ್ ಮತ್ತೆ ಓಡಲು ಶುರುವಾದರೆ ಸೆಟ್ಟಿಂಗ್ ಮುಗಿಯಿತು. ಆದರೆ ಆಗ ಬರುವ ಮೊದಲ ಪೀಸ್ ತಪಾಸಣೆಗೆ ಹೋಗುತ್ತದೆ, ಅಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಇದ್ದರೆ ವಾಪಸು ಬರುತ್ತದೆ, ಮತ್ತೆ ಮಷಿನ್ ನಿಲ್ಲುತ್ತದೆ. ಈ ಕ್ಷೇತ್ರದಲ್ಲಿ ಒಪ್ಪಿತ ಅಳತೆ ಹೀಗಿದೆ: ಹಳೆಯ ಜಾಬಿನ ಕೊನೆಯ ಒಳ್ಳೆಯ ಪೀಸ್ ಬಂದ ಗಳಿಗೆಯಿಂದ ಹೊಸ ಜಾಬಿನ ಮೊದಲ ಒಳ್ಳೆಯ ಪೀಸ್ ಪಾಸಾದ ಗಳಿಗೆಯವರೆಗೆ. ನಡುವಿನದೆಲ್ಲ ಸೆಟ್ಟಿಂಗ್. ಈ ಒಂದು ಸಾಲು ಮೊದಲೇ ತೀರ್ಮಾನವಾಗದಿದ್ದರೆ ಮುಂದೆ ಉಳಿಸಿದ್ದೇವೆ ಎನ್ನುವ ನಿಮಿಷಗಳನ್ನು ಯಾರೂ ನಂಬುವುದಿಲ್ಲ.

ಐದು ದಿನ, ಹತ್ತು ಸೆಟ್ಟಿಂಗ್. ಸ್ಟಾಪ್‌ವಾಚ್ ಹಿಡಿದು ಬೆನ್ನ ಹಿಂದೆ ನಿಂತರೆ ಯಾರಿಗಾದರೂ ಸಿಟ್ಟು ಬರುತ್ತದೆ. ಅದಕ್ಕೇ ಆಪರೇಟರ್ ಮುಂದೆಯೇ, ಅವರು ಹೇಳಿದ ಹೊತ್ತನ್ನೇ ಮಷಿನ್ ಪಕ್ಕದ ಹಲಗೆಯ ಮೇಲೆ ಬರೆಯುತ್ತಿದ್ದೆವು. ಹತ್ತರ ಸರಾಸರಿ 72 ನಿಮಿಷ ಬಂತು. ಕಡಿಮೆ ಅಂದರೆ 52, ಹೆಚ್ಚು ಅಂದರೆ 118. ಆ 118ರ ದಿನ ಫಿಕ್ಸ್ಚರಿನ ಬೋಲ್ಟುಗಳು ಮೂರನೇ ಮಷಿನಿಗೆ ಹೋಗಿಬಿಟ್ಟಿದ್ದವು. ಅದೊಂದನ್ನು ತೆಗೆದರೆ ಸರಾಸರಿ 67ಕ್ಕೆ ಇಳಿಯುತ್ತದೆ. ತೆಗೆಯಬೇಕೋ ಬೇಡವೋ? ನನ್ನ ಅಭಿಪ್ರಾಯದಲ್ಲಿ ತೆಗೆಯಬಾರದು, ಯಾಕೆಂದರೆ ಸಾಮಾನು ಕಾಣೆಯಾಗುವುದೇ ಇಲ್ಲಿನ ರೋಗ. ಆದರೆ 52ರಿಂದ 118 ಎಂಬ ವ್ಯಾಪ್ತಿಯನ್ನು ಮುಚ್ಚಿಡಬಾರದು. ಬರೀ ‘72’ ಎಂದು ಬರೆದರೆ, 55 ನಿಮಿಷದ ಸೆಟ್ಟಿಂಗ್ ಕಣ್ಣಾರೆ ಕಂಡ ಮಾಲೀಕರು ಅಲ್ಲೇ ಓದು ನಿಲ್ಲಿಸುತ್ತಾರೆ.

ಈ 72ರಲ್ಲಿ 26 ನಿಮಿಷ ಬರೀ ನಡೆದಾಟ ಮತ್ತು ಹುಡುಕಾಟ. ಫಿಕ್ಸ್ಚರ್ ಸ್ಟೋರಿನಲ್ಲಿ, ಕ್ಲ್ಯಾಂಪ್ ಇನ್ನೊಂದು ಮಷಿನ್ ಹತ್ತಿರ, ಡ್ರಾಯಿಂಗ್ ಸೂಪರ್‌ವೈಸರ್ ಟೇಬಲ್ ಮೇಲೆ. ಸ್ಟೋರಿನವರು ಚಹಾಕ್ಕೆ ಹೋಗಿದ್ದರೆ ಅದೂ ಸೇರುತ್ತದೆ. ಉಳಿದ 46 ನಿಮಿಷ ಕೂಡಿಸುವುದು, ಡಯಲ್ ಹಚ್ಚಿ ನೋಡುವುದು, ಮೊದಲ ಪೀಸ್ ತಪಾಸಣೆ. ಅದನ್ನು ಮುಟ್ಟಲು ಅನುಭವ ಬೇಕು, ಇಂಟರ್ನ್ ಕೈ ಹಾಕುವ ಜಾಗ ಅದಲ್ಲ. 26 ನಿಮಿಷದ ವಿಷಯ ಬೇರೆ.

ಇದಕ್ಕೆ ಹಳೆಯ ಪರಿಹಾರ ಇದೆ. ಶಿಗಿಯೊ ಶಿಂಗೊ ಎಂಬ ಜಪಾನಿ ಇಂಜಿನಿಯರ್ 1969ರಲ್ಲಿ ಟೊಯೊಟಾದ ಸಾವಿರ ಟನ್ ಪ್ರೆಸ್ ಒಂದರ ಸೆಟ್ಟಿಂಗನ್ನು ನಾಲ್ಕು ತಾಸಿನಿಂದ ಮೊದಲು ಒಂದೂವರೆ ತಾಸಿಗೆ, ಆಮೇಲೆ ಮೂರು ನಿಮಿಷಕ್ಕೆ ತಂದರು. ಅವರ ಮುಖ್ಯ ಸೂತ್ರ ಇಷ್ಟೇ: ಮಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಮಷಿನ್ ಓಡುತ್ತಿರುವಾಗಲೇ ಮಾಡಿ ಇಟ್ಟುಕೊಳ್ಳಬಹುದಾದದ್ದು ಯಾವುದು ಎಂದು ಬೇರ್ಪಡಿಸಿ. ನಮ್ಮ ತಂಬೂರದ ರೈತರಿಗೆ ಇದನ್ನು ಜಪಾನಿನವರು ಹೇಳಿಕೊಡಬೇಕಿಲ್ಲ. ಮಳೆ ಬಿದ್ದು ಹೊಲ ಹದಕ್ಕೆ ಬಂದ ದಿನ ಕೂರಿಗೆ ಎಲ್ಲಿದೆ, ಬೀಜ ಎಲ್ಲಿದೆ ಎಂದು ಹುಡುಕುವವನನ್ನು ಊರೇ ನಗುತ್ತದೆ. ಅವೆಲ್ಲ ಮೊದಲೇ ಸಜ್ಜಾಗಿರಬೇಕು. ಶಾಪ್‌ನಲ್ಲಿ ಅದರ ರೂಪ ಒಂದು ಟ್ರಾಲಿ. ಮುಂದಿನ ಜಾಬಿನ ಫಿಕ್ಸ್ಚರ್, ಕ್ಲ್ಯಾಂಪ್, ಬೋಲ್ಟ್, ಅಲೆನ್ ಕೀ, ಟೂಲ್, ಡ್ರಾಯಿಂಗ್ ಎಲ್ಲ ಅದರ ಮೇಲೆ ಜೋಡಿಸಿ, ಹಳೆಯ ಜಾಬ್ ಮುಗಿಯುವ ಅರ್ಧ ತಾಸು ಮೊದಲೇ ಮಷಿನ್ ಪಕ್ಕ ತಂದು ನಿಲ್ಲಿಸುವುದು.

ಜೋಡಿಸುವವರು ಯಾರು? ಹೆಲ್ಪರ್. ಅವರಿಗೆ ಬಿಡುವಿದೆಯೇ? ಲೋಡಿಂಗ್ ಸೇರಿ ಒಂದು ಪೀಸಿಗೆ 11 ನಿಮಿಷ. ಹೊರಬಂದ ಪೀಸಿನ ಅಂಚು ಉಜ್ಜಿ ಒರೆಸಲು ಹೆಲ್ಪರ್‌ಗೆ 4 ನಿಮಿಷ ಸಾಕು. ಅಂದರೆ ಪ್ರತಿ ಪೀಸಿಗೂ 7 ನಿಮಿಷ ಖಾಲಿ. ಮೂರು ಪೀಸ್ ಬರುವಷ್ಟರಲ್ಲಿ ಟ್ರಾಲಿ ತುಂಬುತ್ತದೆ. ಈ ಸಣ್ಣ ಲೆಕ್ಕ ಇಲ್ಲದಿದ್ದರೆ ನಾವು ಆಪರೇಟರ್ ತಲೆಯ ಮೇಲಿನ ಕೆಲಸವನ್ನು ಹೆಲ್ಪರ್ ತಲೆಗೆ ಹೊರಿಸಿ ‘ಉಳಿತಾಯ’ ಅಂದಂತಾಗುತ್ತದೆ.

ಇನ್ನು ಖರ್ಚು. ಹೊಸ ಟ್ರಾಲಿಗೆ ₹9,000, ಈ ಮಷಿನಿಗೇ ಮೀಸಲಾದ ಒಂದು ಸೆಟ್ ಕ್ಲ್ಯಾಂಪ್ ಮತ್ತು ಬೋಲ್ಟಿಗೆ ₹4,500. ಒಟ್ಟು ₹13,500. 26 ನಿಮಿಷದಲ್ಲಿ 20 ಉಳಿಯುತ್ತದೆ ಎಂದು ಹಿಡಿದರೆ, ದಿನಕ್ಕೆ ಎರಡು ಸೆಟ್ಟಿಂಗ್, ತಿಂಗಳಿಗೆ 25 ದಿನ, ಒಟ್ಟು 1,000 ನಿಮಿಷ. ಅಂದರೆ 16 ಗಂಟೆ 40 ನಿಮಿಷ.

ಇಲ್ಲಿಯವರೆಗಿನದು ಇಂಜಿನಿಯರಿಂಗ್ ವಿದ್ಯಾರ್ಥಿ ಯಾರಾದರೂ ಮಾಡುತ್ತಾರೆ. ನಿಜವಾದ ತೊಡಕು ಈ 1,000 ನಿಮಿಷವನ್ನು ರೂಪಾಯಿಗೆ ತಿರುಗಿಸುವಲ್ಲಿದೆ.

ಪುಸ್ತಕದ ದಾರಿ ಹೀಗಿದೆ: ಮಷಿನ್ ಅವರ್ ರೇಟ್ ಗಂಟೆಗೆ ₹480, ಅದನ್ನು 16 ಗಂಟೆ 40 ನಿಮಿಷಕ್ಕೆ ಗುಣಿಸಿ, ತಿಂಗಳಿಗೆ ₹8,000 ಉಳಿತಾಯ. ಪ್ರಾಜೆಕ್ಟ್ ರಿಪೋರ್ಟುಗಳಲ್ಲಿ ಹೀಗೇ ಇರುತ್ತದೆ. ಆದರೆ ಆ ₹480ರಲ್ಲಿ ಏನೇನಿದೆ ನೋಡಿ. ಮಷಿನ್ ಸಾಲದ ಬಡ್ಡಿ, ಸವಕಳಿ, ಶೆಡ್ಡಿನ ಬಾಡಿಗೆ. ನಾವು 20 ನಿಮಿಷ ಬೇಗ ಸೆಟ್ಟಿಂಗ್ ಮುಗಿಸಿದ್ದಕ್ಕೆ ಬ್ಯಾಂಕಿನವರು ಬಡ್ಡಿ ಬಿಡುವುದಿಲ್ಲ. ಆ ತಿಂಗಳ ಕೊನೆಗೆ ಮಾಲೀಕರ ಖಾತೆಯಲ್ಲಿ ₹8,000 ಹೆಚ್ಚಾಗಿ ಕಾಣುವುದೂ ಇಲ್ಲ. ಅಕೌಂಟ್ಸ್ ನೋಡುವವರಿಗೆ ಇದು ಒಂದೇ ಏಟಿಗೆ ಗೊತ್ತಾಗುತ್ತದೆ. ಉಳಿದ ಹೊತ್ತು ಹಣವಾಗಬೇಕಾದರೆ ಒಂದೋ ಯಾವುದಾದರೂ ಪಾವತಿ ನಿಲ್ಲಬೇಕು, ಇಲ್ಲವೇ ಆ ಹೊತ್ತಿನಲ್ಲಿ ಮಾರಾಟವಾಗುವ ಮಾಲು ಹೆಚ್ಚು ಬರಬೇಕು. ಮೂರನೇ ದಾರಿ ಇಲ್ಲ.

ಹಾಗಾದರೆ ಯಾವ ಪಾವತಿ ನಿಲ್ಲುತ್ತದೆ? ಮೊದಲು ಕಣ್ಣಿಗೆ ಬೀಳುವುದು ಓವರ್‌ಟೈಮ್. ಎರಡನೇ ಮಷಿನ್ ಬಹಳಷ್ಟು ಸಂಜೆ ಎರಡು ತಾಸು ಹೆಚ್ಚಿಗೆ ಓಡುತ್ತದೆ. ಓವರ್‌ಟೈಮ್‌ಗೆ ಕಾನೂನಿನ ಪ್ರಕಾರ ಇಮ್ಮಡಿ ಕೂಲಿ ಕೊಡಬೇಕು. ಆಪರೇಟರ್‌ಗೆ ಗಂಟೆಗೆ ₹200, ಹೆಲ್ಪರ್‌ಗೆ ₹130, ಕೂಡಿ ₹330. ಇದನ್ನು 16 ಗಂಟೆ 40 ನಿಮಿಷಕ್ಕೆ ಗುಣಿಸಿದರೆ ₹5,500. ರಿಜಿಸ್ಟರಿನಲ್ಲಿ ಕಾಣುವ, ಸಹಿ ಇರುವ, ಪಕ್ಕಾ ಅಂಕಿ. ₹13,500 ಎರಡೂವರೆ ತಿಂಗಳಲ್ಲಿ ವಾಪಸು.

ಹಲಗೆಯ ಮೇಲೆ ಈ ಲೆಕ್ಕ ಬರೆಯುವುದನ್ನು ಆಪರೇಟರ್ ನೋಡುತ್ತ ನಿಂತಿದ್ದರು. ಕಲಘಟಗಿ ಕಡೆಯವರೇ, ನನ್ನ ಬಸ್ಸಿಗೇ ಬರುತ್ತಿದ್ದವರು.

“ತಮ್ಮಾ, ನಿನ್ನ ಲೆಕ್ಕದಾಗ ಉಳಿಯೋ ರೊಕ್ಕ ಯಾರದು? ನಂದ ಅಲ್ಲೇನು?” ಅಂದರು.

ಅವರ ಮಾತು ಸರಿ ಇತ್ತು. ₹5,500ರಲ್ಲಿ ಸುಮಾರು ₹3,330 ಅವರ ಜೇಬಿನಿಂದ, ₹2,170 ಹೆಲ್ಪರ್ ಜೇಬಿನಿಂದ ಬರುವಂಥದ್ದು. ಓವರ್‌ಟೈಮ್ ನಂಬಿ ಬೈಕಿನ ಕಂತು, ಮಕ್ಕಳ ಫೀ ಕಟ್ಟುವ ಮನೆಗಳು ನಮ್ಮ ಕಡೆ ಎಷ್ಟೋ ಇವೆ. ಇದು ಬರೀ ಮನಸ್ಸಿಗೆ ಸಂಬಂಧಿಸಿದ ವಿಷಯವೂ ಅಲ್ಲ. ಟ್ರಾಲಿ ದಿನಾಲೂ ಸರಿಯಾಗಿ ತುಂಬಬೇಕಾದವರು ಇವರಿಬ್ಬರೇ. ತಮ್ಮ ತಿಂಗಳ ಆದಾಯ ಕಡಿಮೆ ಮಾಡುವ ಟ್ರಾಲಿಯನ್ನು ಯಾರಾದರೂ ಯಾಕೆ ತುಂಬುತ್ತಾರೆ? ಮೊದಲ ವಾರ ತುಂಬುತ್ತಾರೆ, ಎರಡನೇ ವಾರ ಒಂದು ಬೋಲ್ಟ್ ಕಡಿಮೆ ಇರುತ್ತದೆ, ಮೂರನೇ ವಾರ ಟ್ರಾಲಿ ಗೋಡೆಗೆ ಒರಗುತ್ತದೆ. ಕಾಗದದ ಮೇಲೆ ಚೆಂದ ಕಂಡ ಎಷ್ಟೋ ಸುಧಾರಣೆಗಳು ಸಾಯುವುದು ಹೀಗೆ, ಮತ್ತು ಸತ್ತದ್ದು ಯಾಕೆ ಎಂದು ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ.

ಪಕ್ಕದಲ್ಲಿದ್ದ ಸೂಪರ್‌ವೈಸರ್ ಬೇರೆ ದಾರಿ ತೋರಿಸಿದರು. “ಹೊರಗ ಹೋಗೋ ಮಾಲ್ ನೋಡೀ ಏನು? ಚಲನ್ ಬುಕ್ ತಗದು ನೋಡು.”

ಎರಡನೇ ಮಷಿನಿಗೆ ಹೊತ್ತು ಸಾಲದೆ ಇದೇ ವಾಲ್ವ್ ಬಾಡಿಗಳಲ್ಲಿ ಕೆಲವನ್ನು ಬೇರೆ ಶಾಪ್‌ಗೆ ಜಾಬ್ ವರ್ಕ್‌ಗೆ ಕಳಿಸುತ್ತಿದ್ದರು. ಹಿಂದಿನ ತಿಂಗಳ ಚಲನ್‌ಗಳನ್ನು ಕೂಡಿಸಿದರೆ 240 ಪೀಸ್ ಆಯಿತು. ಒಂದಕ್ಕೆ ₹85 ಕೊಡುತ್ತಿದ್ದರು. ಉಳಿದ 1,000 ನಿಮಿಷದಲ್ಲಿ, ಪೀಸಿಗೆ 11 ನಿಮಿಷದಂತೆ, 90 ಪೀಸ್ ಒಳಗೇ ಮಾಡಬಹುದು. ರಿಜೆಕ್ಟ್, ಸಣ್ಣಪುಟ್ಟ ತಡೆ ಕಳೆದು 85 ಅನ್ನೋಣ. ಕರೆಂಟು, ಟೂಲಿನ ಸವೆತ, ಕೂಲಂಟ್ ಸೇರಿ ಒಳಗಿನ ಹೆಚ್ಚುವರಿ ಖರ್ಚು ಪೀಸಿಗೆ ₹20. ಕೂಲಿ ಹೇಗೂ ಕೊಡುತ್ತಲೇ ಇರುವುದರಿಂದ ಅದನ್ನು ಮತ್ತೆ ಸೇರಿಸಬೇಕಿಲ್ಲ. ಉಳಿಯುವುದು ಪೀಸಿಗೆ ₹65. 85ಕ್ಕೆ ₹5,525.

ಓವರ್‌ಟೈಮ್ ಕತ್ತರಿಸಿ ಬರುವಷ್ಟೇ ಹಣ, ಓವರ್‌ಟೈಮ್ ಮುಟ್ಟದೆ ಬಂತು. ಹೊರಗಿನ ಆ ಶಾಪ್‌ಗೆ 85 ಪೀಸಿನ ಕೆಲಸ ಕಡಿಮೆಯಾಗುತ್ತದೆ ಎನ್ನುವುದೂ ನಿಜ. ಯಾರಿಗೂ ನಷ್ಟವಿಲ್ಲದ ಉಳಿತಾಯ ನನಗಂತೂ ಇನ್ನೂ ಸಿಕ್ಕಿಲ್ಲ. ಆದರೆ ಟ್ರಾಲಿ ತುಂಬುವ ಕೈಗಳು ಈಗ ಇದರ ವಿರುದ್ಧ ಇಲ್ಲ. ಇನ್ನೊಂದು ಅನುಕೂಲವೂ ಇದೆ. ಮಾಲೀಕರು ಪ್ರತಿ ತಿಂಗಳು ಜಾಬ್ ವರ್ಕಿನ ಬಿಲ್ ತಾವೇ ಪಾಸ್ ಮಾಡುತ್ತಾರೆ. 85 ಕಡಿಮೆಯಾದರೆ ಅವರಿಗೆ ತಾನಾಗಿ ಕಾಣುತ್ತದೆ.

ಈ ದಾರಿಗೂ ಮಿತಿ ಇದೆ. ಹೊರಗೆ ಹೋಗುವ ಮಾಲು ಇದೇ ಮಷಿನ್ ಮೇಲೆ ಆಗುವಂಥದ್ದಾಗಿರಬೇಕು, ಮತ್ತು ಆರ್ಡರ್ ಇರಬೇಕು. ಆರ್ಡರ್ ಇಲ್ಲದ ತಿಂಗಳಲ್ಲಿ ಟ್ರಾಲಿಯ ಉಳಿತಾಯ ಸೊನ್ನೆ. ಸಾಲಿನಲ್ಲಿ ಕಾಯುವ ಕೆಲಸವೇ ಇಲ್ಲದ ಒಂದನೇ ನಂಬರ್ ಮಷಿನಿಗೆ ಇದೇ ಟ್ರಾಲಿ ಕೊಟ್ಟರೆ ಆಪರೇಟರ್ 20 ನಿಮಿಷ ಮೊದಲೇ ಖಾಲಿ ಕೂರುತ್ತಾರೆ, ಅಷ್ಟೇ. ಹೊತ್ತು ಉಳಿಸುವ ಮೊದಲು ಯಾವ ಮಷಿನಿನ ಮುಂದೆ ಮಾಲು ರಾಶಿ ಬಿದ್ದಿದೆ ಎಂದು ಶಾಪ್ ತುಂಬ ಒಂದು ಸುತ್ತು ನಡೆದು ನೋಡಬೇಕು.

ಈಗ ಸ್ಕ್ರೀನಿಗೆ ಬರೋಣ. ಮೊಬೈಲಿನ ಬೀಗ ತೆಗೆಯುವ ಮೊದಲೇ ಮೇಲ್ಗಡೆ ಕಾಣುವುದು ಸಂದೇಶದ ಮೊದಲ ಒಂದೆರಡು ಸಾಲು ಮಾತ್ರ. ಅಲ್ಲಿ ‘ನಮಸ್ಕಾರ ಸರ್, ನಾನು ಇಂಟರ್ನ್, ತಮ್ಮ ಸಂಸ್ಥೆಯಲ್ಲಿ ಕಲಿಯಲು ಅವಕಾಶ ಕೊಟ್ಟಿದ್ದಕ್ಕೆ…’ ಎಂದಿದ್ದರೆ ವಿಷಯ ಒಳಗೇ ಉಳಿಯಿತು. ಸಂದೇಶ ಬಹಳ ಉದ್ದವಾದರೆ ವಾಟ್ಸ್ಆ್ಯಪ್ ಅದನ್ನು ಕತ್ತರಿಸಿ ಕೆಳಗೆ `Read more` ಎಂದು ತೋರಿಸುತ್ತದೆ. ಅದನ್ನು ಒತ್ತುವ ಮೊದಲು ಇನ್ನೊಂದು ಫೋನ್ ಬಂದಿರುತ್ತದೆ. ಅದಕ್ಕಿಂತ ಮುಖ್ಯವಾದ ಕಾರಣ ಬೇರೆ. ಮಾಲೀಕರು ಇಂಥದ್ದನ್ನು ಒಬ್ಬರೇ ತೀರ್ಮಾನಿಸುವುದಿಲ್ಲ. ಅಕೌಂಟ್ಸ್‌ನವರಿಗೆ, ಸೂಪರ್‌ವೈಸರ್‌ಗೆ ಫಾರ್ವರ್ಡ್ ಮಾಡುತ್ತಾರೆ. ನಾವು ಪಕ್ಕದಲ್ಲಿ ನಿಂತು ವಿವರಿಸಲಾಗದ ಜಾಗದಲ್ಲಿ ಅದು ಓದಿಸಿಕೊಳ್ಳಬೇಕು. ಸೂಪರ್‌ವೈಸರ್ ಮೂಲಕ, ಅವರ ಹೆಸರನ್ನೂ ಸೇರಿಸಿ ಹೋದ ಸಂದೇಶ ಹೀಗಿತ್ತು:

> 2ನೇ ವಿಎಂಸಿ: ಸೆಟ್ಟಿಂಗ್ ಟ್ರಾಲಿಯನ್ನು 2 ವಾರ ಪ್ರಯೋಗ ಮಾಡಲು ಒಪ್ಪಿಗೆ ಬೇಕು. ಈಗ ಖರ್ಚಿಲ್ಲ. ಫಲ ಬಂದರೆ ₹13,500.
>
> ಈಗ: ಒಂದು ಸೆಟ್ಟಿಂಗ್‌ಗೆ ಮಷಿನ್ 72 ನಿಮಿಷ ನಿಲ್ಲುತ್ತದೆ (10 ಸೆಟ್ಟಿಂಗ್ ಸರಾಸರಿ, 52ರಿಂದ 118). ಅದರಲ್ಲಿ 26 ನಿಮಿಷ ಸಾಮಾನು ತರಲು, ಹುಡುಕಲು.
>
> ಬದಲಾವಣೆ: ಮುಂದಿನ ಜಾಬಿನ ಸಾಮಾನನ್ನು ಮಷಿನ್ ಓಡುತ್ತಿರುವಾಗಲೇ ಹೆಲ್ಪರ್ ಟ್ರಾಲಿ ಮೇಲೆ ಜೋಡಿಸುವುದು.
>
> ಲಾಭ: ತಿಂಗಳಿಗೆ 1,000 ನಿಮಿಷ = ಹೊರಗೆ ಹೋಗುವ 240 ಪೀಸಿನಲ್ಲಿ 85 ಒಳಗೇ. 85 × ₹65 = ಸುಮಾರು ₹5,500. ಓ.ಟಿ. ಕಡಿಮೆಯಾಗುವುದಿಲ್ಲ.
>
> ಖರ್ಚು: ಟ್ರಾಲಿ ₹9,000 + ಕ್ಲ್ಯಾಂಪ್, ಬೋಲ್ಟ್ ₹4,500. ಎರಡೂವರೆ ತಿಂಗಳಲ್ಲಿ ವಾಪಸು.
>
> ಅಡ್ಡಿ: ಆರ್ಡರ್ ಕಡಿಮೆ ಇದ್ದ ತಿಂಗಳು ಲಾಭ ಇಲ್ಲ.
>
> ಪ್ರಯೋಗ: ಸೋಮವಾರದಿಂದ, ಸ್ಟೋರಿನ ಹಳೆಯ ಟ್ರಾಲಿಯಲ್ಲಿ. ಸರಾಸರಿ 55 ನಿಮಿಷಕ್ಕೆ ಇಳಿಯದಿದ್ದರೆ ಕೈಬಿಡುತ್ತೇವೆ.

ಇದರಲ್ಲಿ ಯಾವ ಅಂಕಿಯೂ ನಮ್ಮ ಮಾತಿನ ಮೇಲೆ ನಿಂತಿಲ್ಲ. 72 ಹಲಗೆಯ ಮೇಲಿದೆ, 240 ಚಲನ್ ಬುಕ್ಕಿನಲ್ಲಿದೆ, ₹65 ಜಾಬ್ ವರ್ಕ್ ಬಿಲ್ಲಿನಿಂದ ಬರುತ್ತದೆ. ‘ದಕ್ಷತೆ ಹೆಚ್ಚುತ್ತದೆ’, ‘ಶಿಸ್ತು ಬರುತ್ತದೆ’ ಎಂಬ ಮಾತು ಎಲ್ಲೂ ಇಲ್ಲ. ಶಿಂಗೊ ಹೆಸರೂ ಇಲ್ಲ, ಆ ಜಾಗದಲ್ಲಿ ಅಡ್ಡಿಯ ಸಾಲು ಹಿಡಿಸಿತು. ಆ ಅಡ್ಡಿಯ ಸಾಲನ್ನು ತೆಗೆದುಹಾಕಿದರೆ ಚೆನ್ನ ಎಂದು ನನ್ನ ಗೆಳೆಯನೊಬ್ಬ ಹೇಳಿದ್ದ. ಆದರೆ ಅದು ಹೇಗೂ ಮಾಲೀಕರಿಗೆ ಗೊತ್ತಿರುವ ವಿಷಯ. ನಾವು ಬರೆಯದಿದ್ದರೆ ಅವರು ಅದನ್ನು ಪ್ರಶ್ನೆಯಾಗಿ ಕೇಳುತ್ತಾರೆ, ಬರೆದರೆ ಉಳಿದ ಸಾಲುಗಳನ್ನೂ ನಂಬುತ್ತಾರೆ.

ಕೇಳಿದ್ದು ₹13,500 ಅಲ್ಲ, ಎರಡು ವಾರ ಎನ್ನುವುದನ್ನೂ ಗಮನಿಸಿ. ‘ಬೇಡ’ ಅನ್ನಲು ಕಾರಣ ಹುಡುಕಬೇಕಾದಷ್ಟು ಸಣ್ಣ ಬೇಡಿಕೆ ಅದು. ಮಾಲೀಕರಿಂದ ಮರುದಿನ ಒಂದೇ ಪ್ರಶ್ನೆ ಬಂತು: “ಹೆಲ್ಪರ್ ರಜಾ ಹಾಕಿದ ದಿನ ಯಾರು ಮಾಡ್ತಾರ?” ಮೂರನೇ ಮಷಿನಿನ ಹೆಲ್ಪರ್ ಎಂದು ಉತ್ತರ ಹೋಯಿತು. ಸೋಮವಾರ ಶುರುವಾಯಿತು.

ಎರಡು ವಾರದಲ್ಲಿ 23 ಸೆಟ್ಟಿಂಗ್ ಆದವು. ಸರಾಸರಿ ಸರಿಯಾಗಿ 55 ನಿಮಿಷ. ಗುರಿ ಮುಟ್ಟಿತು ಎಂದು ಅಲ್ಲಿಗೆ ಬಿಡಬಹುದಿತ್ತು. ಆದರೆ ಹಲಗೆಯ ಮೇಲಿನ ಅಂಕಿಗಳನ್ನು ಎರಡು ಗುಂಪು ಮಾಡಿದರೆ ಬೇರೆಯೇ ವಿಷಯ ಕಾಣುತ್ತಿತ್ತು. ಟ್ರಾಲಿ ಪೂರ್ತಿ ತುಂಬಿದ್ದ 19 ಸಲ ಸರಾಸರಿ 51 ನಿಮಿಷ. ಏನೋ ಒಂದು ಕಡಿಮೆ ಇದ್ದ 4 ಸಲ ಸರಾಸರಿ 74, ಅಂದರೆ ಹಳೆಯ ಲೆಕ್ಕಕ್ಕಿಂತ ಎರಡು ಹೆಚ್ಚು. ಟ್ರಾಲಿ ಬಂದಿದೆ ಎಂಬ ಧೈರ್ಯದಲ್ಲಿ ಮಷಿನ್ ನಿಲ್ಲಿಸಿ, ಅರ್ಧ ಕೂಡಿಸಿದ ಮೇಲೆ ಕ್ಲ್ಯಾಂಪ್ ಇಲ್ಲ ಎಂದು ಗೊತ್ತಾಗುವುದು, ಮೊದಲೇ ಹುಡುಕುವುದಕ್ಕಿಂತ ಕೆಟ್ಟದ್ದು. ಆ ನಾಲ್ಕರಲ್ಲಿ ಮೂರು ಸಲ ಕ್ಲ್ಯಾಂಪ್ ಮೂರನೇ ಮಷಿನಿಗೆ ಹೋಗಿತ್ತು, ಒಂದು ಸಲ ಹೆಲ್ಪರ್ ರಜೆಯಲ್ಲಿದ್ದರು. ಹಳೆಯ ಟ್ರಾಲಿಯ ಮೇಲಿನ ದೂರು ಒಂದೇ ಇತ್ತು, ಒಂದು ಚಕ್ರ ತಿರುಗುವುದಿಲ್ಲ ಎಂದು.

ಹಾಗಾಗಿ ಎರಡನೇ ಸಂದೇಶ ಇನ್ನೂ ಚಿಕ್ಕದಾಯಿತು. ಉಳಿದದ್ದು 20 ಅಲ್ಲ, 17 ನಿಮಿಷ. ತಿಂಗಳಿಗೆ 85 ಅಲ್ಲ, 72 ಪೀಸ್. ಲಾಭ ₹4,680. ಹೊಸ ಟ್ರಾಲಿ ಬೇಡ, ಹಳೆಯದಕ್ಕೆ ₹800ರ ಚಕ್ರ ಸಾಕು. ಕ್ಲ್ಯಾಂಪ್ ಮತ್ತು ಬೋಲ್ಟ್ ಸೆಟ್ ಮಾತ್ರ ಬೇಕೇ ಬೇಕು, ₹4,500. ಒಟ್ಟು ₹5,300, ಒಂದು ತಿಂಗಳು ದಾಟಿ ಕೆಲವು ದಿನಗಳಲ್ಲಿ ವಾಪಸು. ಕ್ಲ್ಯಾಂಪುಗಳಿಗೆ ಹಳದಿ ಬಣ್ಣ ಬಳಿಯುತ್ತೇವೆ, ಬೇರೆ ಮಷಿನ್ ಮೇಲೆ ಹಳದಿ ಕಂಡರೆ ದೂರದಿಂದಲೇ ಗೊತ್ತಾಗುತ್ತದೆ.

“ಸರಿ. ಬಣ್ಣ ಸ್ಟೋರಿನಾಗ ಐತಿ” ಎಂದು ಉತ್ತರ ಬಂತು.

ನನ್ನ ಇಂಟರ್ನ್‌ಶಿಪ್ ಮುಗಿದ ಮೇಲೆ ಸೂಪರ್‌ವೈಸರ್ ಒಮ್ಮೆ ಚಲನ್ ಬುಕ್ಕಿನ ಲೆಕ್ಕ ತಿಳಿಸಿದ್ದರು. ಹೊರಗೆ ಹೋದ ಪೀಸ್ 240ರಿಂದ 171ಕ್ಕೆ ಇಳಿದಿದೆ. ಆ ತಿಂಗಳ ಆರ್ಡರೂ ಹಿಂದಿನಷ್ಟೇ ಇತ್ತೇ ಎಂದು ಕೇಳಿದೆ. ಸ್ವಲ್ಪ ಕಡಿಮೆ ಇತ್ತಂತೆ. ಹಾಗಿದ್ದರೆ ಆ 69 ಪೀಸ್ ಪೂರ್ತಿ ಟ್ರಾಲಿಯದೇ ಅನ್ನಲು ಬರುವುದಿಲ್ಲ. ಮಷಿನ್ ಪಕ್ಕದ ಹಲಗೆಯ ಮೇಲೆ ಸೆಟ್ಟಿಂಗ್ ಹೊತ್ತನ್ನು ಬರೆಯುವುದು ಈಗ ಆಪರೇಟರೇ ಮುಂದುವರಿಸಿದ್ದಾರೆ. ಕೊನೆಗೆ ನಾನು ಕೇಳಿದಾಗ ಅದರ ಮೇಲಿದ್ದದ್ದು 49, 53, 50.